ಬ್ರೆಡ್ 7:45ಕ್ಕೆ, ಖಾರಾ ಬನ್ ಈಗಲೇ

ಮೈದಾ ಮುದ್ದೆಯನ್ನು ಎರಡು ಕೈ ನಾದುತ್ತವೆ. ಭಟ್ಟಿಯ ಬಾಯಲ್ಲಿ ಕೆಂಡ ಹೊಳೆಯುತ್ತದೆ. ಉದ್ದ ಹಿಡಿಯ ಹಲಗೆಯ ಮೇಲೆ ಕೆಂಪಗೆ ಬೆಂದ ಬನ್ನುಗಳ ಟ್ರೇ ಹೊರಬರುತ್ತದೆ, ಹಿನ್ನೆಲೆಯಲ್ಲಿ ಒಂದು ಹಳೆಯ ಚಿತ್ರಗೀತೆ. ಬೇಕರಿಯವರು ನಸುಕಿನಲ್ಲಿ ತೆಗೆದು ಇನ್‌ಸ್ಟಾಗ್ರಾಮಿಗೋ ವಾಟ್ಸ್ಆ್ಯಪ್ ಸ್ಟೇಟಸ್ಸಿಗೋ ಹಾಕುವ ವಿಡಿಯೋಗಳು ಬಹುಪಾಲು ಹೀಗೇ ಇರುತ್ತವೆ. ಕೆಳಗಿನ ಬರಹವೂ ಅದೇ: ‘ತಾಜಾ ತಾಜಾ, ಪ್ರೀತಿಯಿಂದ ಮಾಡಿದ್ದು’. ನೋಡಿದವರ ಬಾಯಲ್ಲಿ ನೀರೂರುತ್ತದೆ, ನಿಜ. ಆದರೆ ಅದು ಯಾವ ಬೇಕರಿ ಎಂದು ಮರುಗಳಿಗೆ ಕೇಳಿದರೆ ಹೇಳುವವರು ಕಡಿಮೆ.

ಬೆಂಗಳೂರಿನಲ್ಲಿ ಈ ತೊಡಕಿಗೆ ಇನ್ನೊಂದು ಎಳೆಯೂ ಇದೆ. ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ ಕುಟುಂಬಗಳು ಚಿಕ್ಕಪೇಟೆ, ವಿ.ವಿ. ಪುರಂ ಭಾಗಗಳಲ್ಲಿ ಕಟ್ಟಿದ ಬೇಕರಿ ಪರಂಪರೆಗೆ ನೂರು ವರ್ಷಕ್ಕೂ ಮಿಕ್ಕ ವಯಸ್ಸು. ಮೊಟ್ಟೆ ಹಾಕದ ಕೇಕು, ಖಾರಾ ಬನ್, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು, ಕಾಂಗ್ರೆಸ್ ಕಡಲೆಕಾಯಿ ಎಲ್ಲವೂ ಆ ಹೆಸರಿನ ಜೊತೆಗೇ ಬಂದವು. ಇವತ್ತು ‘ಅಯ್ಯಂಗಾರ್ ಬೇಕರಿ’ ಎಂಬ ಫಲಕ ಬೀದಿಬೀದಿಯಲ್ಲೂ ಕಾಣುತ್ತದೆ. ಮುಂದಿನ ಎರಡು ಮೂರು ಇನಿಷಿಯಲ್ ಮಾತ್ರ ಬೇರೆ. ಒಂದಕ್ಕೂ ಇನ್ನೊಂದಕ್ಕೂ ಎಷ್ಟೋ ಸಲ ಯಾವ ಸಂಬಂಧವೂ ಇರುವುದಿಲ್ಲ. ಹೆಸರು ಎಲ್ಲರದೂ ಆಗಿರುವಾಗ ಅಂಗಡಿಯ ಗುರುತು ಬೇರೆಲ್ಲಿಂದಲಾದರೂ ಬರಬೇಕು. ಖರ್ಚಿಲ್ಲದೆ ಅದನ್ನು ಕಟ್ಟಿಕೊಳ್ಳುವ ಜಾಗವೆಂದರೆ ವಿಡಿಯೋ ಮೇಲೆ ಮತ್ತು ಕೆಳಗೆ ಬರೆಯುವ ಆ ಎರಡು ಸಾಲು, ಅಂದರೆ ಕ್ಯಾಪ್ಷನ್.

ಹಿಟ್ಟು, ಬೆಂಕಿ, ಹಬೆ ಎಲ್ಲವೂ ಕ್ಯಾಮೆರಾಕ್ಕೆ ಚೆನ್ನಾಗಿಯೇ ಕಾಣುತ್ತವೆ. ಕಾಣದಿರುವುದು ಗಂಟೆ, ತೂಕ, ಎಷ್ಟು ಮಾಡಿದ್ದಾರೆ, ಯಾಕೆ ಕಾಯುತ್ತಿದ್ದಾರೆ, ಡಬ್ಬದಲ್ಲಿರುವುದು ಬೆಣ್ಣೆಯೋ ವನಸ್ಪತಿಯೋ ಎನ್ನುವುದು. ಗಿರಾಕಿಯ ಅನುಮಾನಗಳೂ ಇವುಗಳ ಸುತ್ತಲೇ ಇರುತ್ತವೆ. ಕಾಣುತ್ತಿರುವುದನ್ನೇ ಮತ್ತೆ ಬಣ್ಣಿಸುವ ಕ್ಯಾಪ್ಷನ್ ದಂಡ. ಕಾಣದ್ದನ್ನು ಹೇಳುವ ಕ್ಯಾಪ್ಷನ್ನನ್ನು ಗಿರಾಕಿ ಅಂಗಡಿಗೆ ಬಂದು ಪರೀಕ್ಷಿಸಬಲ್ಲ. ನಾಲ್ಕು ಸಲ ಪರೀಕ್ಷಿಸಿ ನಾಲ್ಕು ಸಲವೂ ಸರಿ ಎನಿಸಿದರೆ ಐದನೆಯ ಸಲ ನೋಡದೆ ನಂಬುತ್ತಾನೆ.

ಇದನ್ನು ತೀರಾ ಬರಿದಾದ ರೂಪದಲ್ಲಿ ಮಾಡಿ ತೋರಿಸಿದ್ದು ಲಂಡನ್ನಿನ ಒಂದು ಪ್ರಯೋಗ. 2009ರಲ್ಲಿ ಪೋಕ್ ಎಂಬ ಡಿಜಿಟಲ್ ಸಂಸ್ಥೆ ಶೋರ್‌ಡಿಚ್‌ನ ಆಲ್ಬಿಯನ್ ಕೆಫೆಯ ಅಡುಗೆಮನೆಯಲ್ಲಿ ‘ಬೇಕರ್‌ಟ್ವೀಟ್’ ಎಂಬ ಪುಟ್ಟ ಪೆಟ್ಟಿಗೆಯೊಂದನ್ನು ಇಟ್ಟಿತು. ಅದಕ್ಕೊಂದು ತಿರುಗುಗುಂಡಿ, ಒಂದು ಒತ್ತುಗುಂಡಿ. ಹಿಟ್ಟು ಮೆತ್ತಿದ ಕೈಯಲ್ಲೇ ಬೇಕರ್ ತಿಂಡಿಯ ಹೆಸರನ್ನು ಆರಿಸಿ ಗುಂಡಿ ಒತ್ತಿದರೆ, ಅದು ಒಲೆಯಿಂದ ಈಗಷ್ಟೇ ಹೊರಬಂತು ಎಂಬ ಒಂದು ಸಾಲು ಟ್ವಿಟರ್‌ಗೆ ಹೋಗುತ್ತಿತ್ತು. ಅದರಲ್ಲಿ ಚಿತ್ರವಿರಲಿಲ್ಲ, ವಿಶೇಷಣವಿರಲಿಲ್ಲ. ಯಾವುದು ಬೆಂತು, ಯಾವಾಗ ಬೆಂತು, ಇಷ್ಟೇ. ಸುತ್ತಲಿನ ಕಚೇರಿಗಳಲ್ಲಿ ಕೆಲಸ ಮಾಡುವವನಿಗೆ ಬೇಕಿದ್ದುದೂ ಇಷ್ಟೇ. ಬರೆದದ್ದು ಪ್ರಚಾರದವನಲ್ಲ, ಒಲೆಯ ಮುಂದೆ ನಿಂತವನು ಎನ್ನುವುದು ಓದಿದೊಡನೆ ತಿಳಿಯುತ್ತಿತ್ತು.

ಇದನ್ನೇ ನಮ್ಮ ಬಡಾವಣೆಯ ಬೇಕರಿಯೊಂದಕ್ಕೆ ಹೊಂದಿಸಿ ನೋಡಬಹುದು. ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆಯುವ, ಇಬ್ಬರು ಮೂವರು ಕೆಲಸಗಾರರಿರುವ ಸಣ್ಣ ಬೇಕರಿ ಎಂದಿಟ್ಟುಕೊಳ್ಳೋಣ. ಅಂದಿನ ಬ್ರೆಡ್ಡಿಗೆ 10 ಕಿಲೋ ಮೈದಾ, 6 ಲೀಟರ್ ನೀರು, 200 ಗ್ರಾಂ ಹಸಿ ಈಸ್ಟ್, ಅಷ್ಟೇ ಉಪ್ಪು, 400 ಗ್ರಾಂ ಸಕ್ಕರೆ, 300 ಗ್ರಾಂ ಕೊಬ್ಬು ಬೀಳುತ್ತವೆ. ಎಲ್ಲ ಸೇರಿ ಸುಮಾರು 17 ಕಿಲೋ ಹಿಟ್ಟು. ಬೇಯುವಾಗ ನೀರು ಆವಿಯಾಗಿ ತೂಕ ಇಳಿಯುವುದರಿಂದ 400 ಗ್ರಾಂ ಬ್ರೆಡ್ಡಿಗೆ 460 ಗ್ರಾಂ ಹಸಿ ಹಿಟ್ಟು ತೂಗಬೇಕು. ಆ ಲೆಕ್ಕದಲ್ಲಿ 37 ಬ್ರೆಡ್. ಎರಡೂವರೆಗೆ ನಾದಲು ಶುರುಮಾಡಿದರೆ ಒಂದು ಗಂಟೆ ಹಿಟ್ಟು ಏಳಲು ಬಿಟ್ಟು, ತೂಗಿ, ಉಂಡೆಮಾಡಿ ಡಬ್ಬಕ್ಕೆ ಹಾಕುವಾಗ ನಾಲ್ಕೂ ಕಾಲು. ಡಬ್ಬದಲ್ಲಿ ಮತ್ತೆ ಮುಕ್ಕಾಲು ಗಂಟೆಗೂ ಮಿಕ್ಕು ಉಬ್ಬಬೇಕು. 5:10ಕ್ಕೆ ಒಲೆಗೆ ಹೋಗಿ 5:45ಕ್ಕೆ ಹೊರಗೆ.

ಅಂಗಡಿ ತೆಗೆಯುವುದು ಆರೂವರೆಗೆ. ಆದರೆ ಆಗ ಬ್ರೆಡ್ ಕೊಡುವಂತಿಲ್ಲ, ಎಲ್ಲ ಕಥೆ ಇರುವುದು ಇಲ್ಲೇ. ಒಲೆಯಿಂದ ಇಳಿದ ಬ್ರೆಡ್ಡಿನೊಳಗೆ ಬಿಸಿ ಹಬೆ ಇನ್ನೂ ಓಡಾಡುತ್ತಿರುತ್ತದೆ, ಒಳಗಿನ ತಿರುಳು ಗಟ್ಟಿಯಾಗಿರುವುದಿಲ್ಲ. ಆಗಲೇ ಕುಯ್ದರೆ ಚಾಕುವಿಗೆ ಮೆತ್ತಿಕೊಂಡು ಹೋಳು ಕುಸಿಯುತ್ತದೆ. ಬಿಸಿಯಾಗಿಯೇ ಪ್ಲಾಸ್ಟಿಕ್ಕಿಗೆ ಹಾಕಿದರೆ ಹಬೆ ನೀರಾಗಿ ಒಳಗೇ ಇಳಿದು ಎರಡನೆಯ ದಿನವೇ ಬೂಸ್ಟು ಹಿಡಿಯುತ್ತದೆ. ಸುಮಾರು ಎರಡು ಗಂಟೆ ಆರಬೇಕು. ಇದು ಗೊತ್ತಿಲ್ಲದ ಗಿರಾಕಿ ಏಳು ಗಂಟೆಗೆ ಬಂದು, ಕಪಾಟಿನಲ್ಲಿ ಬ್ರೆಡ್ ಕಂಡರೂ ಕೊಡದ ಹುಡುಗನ ಮೇಲೆ ಸಿಡುಕುತ್ತಾನೆ. ಇಲ್ಲವೇ, ಎದುರಿಗೆ ಕುಯ್ದಿಟ್ಟ ಪ್ಯಾಕೆಟ್ ನಿನ್ನೆಯದು ಎಂದು ಸಂಶಯಪಡುತ್ತಾನೆ.

ಹಾಗಾಗಿ ಮೂರು ತುಣುಕುಗಳ ಈ ವಿಡಿಯೋಕ್ಕೆ ಬರೆಯಬಹುದಾದ ಮಾತು ಹೀಗಿರುತ್ತದೆ. ನಾದುವಾಗ: ‘ಶುಕ್ರವಾರ, ಬೆಳಗಿನ ಜಾವ 2:40. ಮೈದಾ 10 ಕಿಲೋ. ಇವತ್ತು 37 ಬ್ರೆಡ್, ಅಷ್ಟೇ.’ ಒಲೆಯಿಂದ ಇಳಿಸುವಾಗ: ‘ಇಳಿದದ್ದು 5:45ಕ್ಕೆ. ಈಗ ಕುಯ್ದರೆ ಚಾಕುಗೆ ಅಂಟುತ್ತೆ.’ ಕೊನೆಯಲ್ಲಿ, ಆರಲು ಬಿಟ್ಟ ಸಾಲಿನ ಮೇಲೆ: ‘ಬ್ರೆಡ್ 7:45ಕ್ಕೆ. ಅಲ್ಲೀತನಕ ಖಾರಾ ಬನ್ ಬಿಸಿ ಇದೆ, ಬನ್ನಿ.’

ಇದರಲ್ಲಿ ಒಂದೂ ಹೊಗಳಿಕೆಯ ಮಾತಿಲ್ಲ. ಆದರೂ ಓದಿದವರಿಗೆ ಬ್ರೆಡ್ ಇವತ್ತಿನದು ಎಂದು ಗೊತ್ತಾಗುತ್ತದೆ, ಎಷ್ಟು ಹೊತ್ತಿಗೆ ಹೋಗಬೇಕೆಂದು ಗೊತ್ತಾಗುತ್ತದೆ, ತಡವಾದರೆ ಮುಗಿದುಹೋಗುತ್ತದೆ ಎಂದೂ ಗೊತ್ತಾಗುತ್ತದೆ. ‘ಬೇಗ ಬನ್ನಿ, ಸೀಮಿತ ಸಂಖ್ಯೆ’ ಎಂದು ಕೂಗಬೇಕಾಗಿಲ್ಲ. 37 ಎನ್ನುವ ಅಂಕಿಯೇ ಅದನ್ನು ಹೇಳಿತು. ನಮ್ಮೂರ ಗಿರಾಕಿ ಈಗಲೂ ‘ಒಂದು ಪೌಂಡ್ ಬ್ರೆಡ್ ಕೊಡಿ’ ಎಂದೇ ಕೇಳುತ್ತಾನೆ. ಪೌಂಡೆಂದರೆ ಸುಮಾರು 454 ಗ್ರಾಂ, ಈ ಬೇಕರಿಯ ಪ್ಯಾಕೆಟ್ಟಿನಲ್ಲಿರುವುದು 400. ತಕ್ಕಡಿಯ ಮೇಲೆ ಹಸಿ ಹಿಟ್ಟಿನ ಉಂಡೆ ಇಡುವ ಒಂದು ದೃಶ್ಯ, ಅದರ ಮೇಲೆ ‘ಹಸಿ 460, ಬೆಂದ ಮೇಲೆ 400’ ಎಂಬ ಕೆಲವೇ ಪದ. ತೂಕದ ಬಗ್ಗೆ ಯಾರೂ ಕೇಳದಿದ್ದಾಗಲೇ ಹೇಳಿಬಿಡುವ ಅಂಗಡಿ ಬೇರೆ ವಿಷಯಗಳಲ್ಲೂ ಮುಚ್ಚಿಡಲಿಕ್ಕಿಲ್ಲ ಎಂದು ಜನ ತಾವೇ ಅಂದಾಜು ಮಾಡಿಕೊಳ್ಳುತ್ತಾರೆ.

ನಿಜವಾದ ಪರೀಕ್ಷೆ ಬರುವುದು ಕೆಲಸ ಕೆಟ್ಟ ದಿನ. ಈಸ್ಟ್ ಜೀವಂತ ವಸ್ತು. ಹಿಟ್ಟು ಸುಮಾರು 26–27 ಡಿಗ್ರಿಯಲ್ಲಿದ್ದರೆ ಬೇಕರ್‌ಗೆ ನೆಮ್ಮದಿ. ಡಿಸೆಂಬರಿನ ಚಳಿಯಲ್ಲಿ ನೀರೂ ಮೈದಾವೂ ತಣ್ಣಗಿದ್ದರೆ ಹಿಟ್ಟು ಏಳಲು ತಡಮಾಡುತ್ತದೆ. ಏಪ್ರಿಲಿನಲ್ಲಿ ತದ್ವಿರುದ್ಧ: ಐಸ್ ಹಾಕಿದ ನೀರಿಲ್ಲದೆ ನಾದಿದರೆ ಬೇಗ ಉಕ್ಕಿ, ಒಲೆಯಲ್ಲಿ ಕುಸಿದು, ಬ್ರೆಡ್ಡಿನ ತಲೆ ಚಪ್ಪಟೆಯಾಗಿ ಹುಳಿ ವಾಸನೆ ಬರುತ್ತದೆ. ಇಂಥ ದಿನ ಹೆಚ್ಚಿನ ಬೇಕರಿಗಳು ಸುಮ್ಮನಿರುತ್ತವೆ, ಇಲ್ಲವೇ ಕಳೆದ ವಾರದ ಚಂದದ ವಿಡಿಯೋವನ್ನೇ ಮತ್ತೆ ಹಾಕುತ್ತವೆ. ಅದರ ಬದಲು ಏಳದ ಹಿಟ್ಟನ್ನೇ ತೋರಿಸಿ ‘ಚಳಿಗೆ ಹಿಟ್ಟು ಇನ್ನೂ ಎದ್ದಿಲ್ಲ, ನಾವು ಎದ್ದು ಮೂರು ಗಂಟೆ ಆಯ್ತು. ಬ್ರೆಡ್ 8:20ಕ್ಕೆ’ ಎಂದು ಬರೆದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಗಿರಾಕಿಗೆ ವೃಥಾ ಓಡಾಟ ತಪ್ಪುತ್ತದೆ. ಅಂಗಡಿಗೆ ಒಂದು ಸ್ವಭಾವವೂ ಬರುತ್ತದೆ: ಸ್ವಲ್ಪ ಗೊಣಗುವ, ಸ್ವಲ್ಪ ನಗುವ, ಸುಳ್ಳು ಹೇಳದ ಒಬ್ಬ ಆಸಾಮಿಯ ಸ್ವಭಾವ.

ಜಾಹೀರಾತಿನವರು ಬ್ರ್ಯಾಂಡ್ ವ್ಯಕ್ತಿತ್ವ ಎಂದು ಕರೆಯುವುದು ಇದನ್ನೇ. ಅದನ್ನು ಲೋಗೋ ಬಣ್ಣದಲ್ಲಿ ಹುಡುಕುವವರೇ ಹೆಚ್ಚು. ಸಣ್ಣ ಅಂಗಡಿಯ ಮಟ್ಟಿಗೆ ಅದು ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಮಾತಾಡುತ್ತಿರುವುದು ಯಾರು? ಗಲ್ಲಾದಲ್ಲಿ ಕೂತ ಯಜಮಾನರೋ, ಭಟ್ಟಿ ಮುಂದಿರುವ ಕೆಲಸಗಾರನೋ, ಸಂಜೆ ಕಾಲೇಜು ಮುಗಿಸಿ ಬಂದು ಫೋನ್ ಹಿಡಿಯುವ ಮಗಳೋ? ಯಾರೇ ಆದರೂ ಒಬ್ಬರೇ ಮಾತಾಡಲಿ. ಸೋಮವಾರ ‘ನಮ್ಮ ಗೌರವಾನ್ವಿತ ಗ್ರಾಹಕರಲ್ಲಿ ವಿನಂತಿ’, ಮಂಗಳವಾರ ‘ಮಗಾ ಬಾ, ಬನ್ ರೆಡಿ’ ಎಂದಾದರೆ ಅಂಗಡಿಗೆ ದಿನಕ್ಕೊಂದು ಮುಖ. ಗಿರಾಕಿ ‘ಅಣ್ಣಾ, ಖಾರಾ ಬನ್ ಇದ್ಯಾ?’ ಎಂದು ಕೇಳುವ ಬಡಾವಣೆಯಲ್ಲಿ ಕ್ಯಾಪ್ಷನ್ನೂ ಆ ಅಣ್ಣನ ಮಾತಿನಲ್ಲೇ ಇದ್ದರೆ ಸಾಕು. ಹುಬ್ಬಳ್ಳಿಯ ಬೇಕರಿ ಬೆಂಗಳೂರಿನ ರೀಲ್ಸ್ ನೋಡಿ ಅದೇ ಧಾಟಿ ಹಿಡಿಯಬೇಕಾಗಿಲ್ಲ. ಅಲ್ಲಿ ಕೌಂಟರಿನಲ್ಲಿ ‘ಬರ್ರಿ’ ಎನ್ನುವವರು ಪರದೆಯ ಮೇಲೂ ‘ಬರ್ರಿ’ ಎಂದೇ ಬರೆಯಲಿ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಕಸುಬಿನ ಮಾತು. ಉದ್ದದ ಬರಹವನ್ನು ಇನ್‌ಸ್ಟಾಗ್ರಾಮ್ ಮಡಚಿಡುತ್ತದೆ, ಮೊದಲ ಸಾಲಷ್ಟೇ ಹೊರಗೆ ಕಾಣುತ್ತದೆ. ಆದ್ದರಿಂದ ಗಂಟೆಯೂ ತಿಂಡಿಯ ಹೆಸರೂ ಮೊದಲ ಸಾಲಿನಲ್ಲಿರಬೇಕು, ‘ಶುಭೋದಯ ಸ್ನೇಹಿತರೇ’ ಅಲ್ಲ. ವಿಡಿಯೋದ ಮೇಲೆಯೇ ಅಕ್ಷರ ಬರೆಯುವಾಗ ತೀರಾ ಕೆಳಗೆ ಬರೆದರೆ ಖಾತೆಯ ಹೆಸರು ಅದನ್ನು ಮುಚ್ಚುತ್ತದೆ, ಬಲಗಡೆಗೆ ಒತ್ತಿದರೆ ಲೈಕ್ ಗುಂಡಿಗಳು ಮುಚ್ಚುತ್ತವೆ. ಎರಡು ಸಾಲು ತೀರಾ ಹತ್ತಿರವಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿ ‘ದಿಲ್‌ಪಸಂದ್’ ಓದಬಂದರೂ ‘ಬೆಣ್ಣೆ ಬಿಸ್ಕತ್ತು’ ಓದಬರುವುದಿಲ್ಲ. ಬಸ್ಸಿನಲ್ಲಿ ಸದ್ದಿಲ್ಲದೆ ನೋಡುವವರಿಗೆ ಆ ಅಕ್ಷರವೇ ದನಿ.

ಬೆಣ್ಣೆ ಬಿಸ್ಕತ್ತಿನ ಮಾತು ಬಂತು. ನಂಬಿಕೆ ಮುರಿಯುವುದು ಹೆಚ್ಚಾಗಿ ಇಂಥ ಕಡೆ. ಕ್ಯಾಪ್ಷನ್ ‘ಅಪ್ಪಟ ಬೆಣ್ಣೆ’ ಎನ್ನುತ್ತದೆ, ಚಿತ್ರದ ಮೂಲೆಯಲ್ಲಿ ವನಸ್ಪತಿಯ ಡಬ್ಬ ಇಣುಕುತ್ತದೆ. ಬರೆದವನ ಕಣ್ಣು ಟ್ರೇ ಮೇಲಿರುತ್ತದೆ, ನೋಡುವ ಸಾವಿರ ಕಣ್ಣುಗಳಲ್ಲಿ ಒಂದಾದರೂ ಮೂಲೆಗೆ ಹೋಗುತ್ತದೆ. ವನಸ್ಪತಿ ಬಳಸುವುದು ಅಪರಾಧವೇನಲ್ಲ. 2022ರ ಜನವರಿಯಿಂದ ಕಾರ್ಖಾನೆಯಲ್ಲಿ ತಯಾರಾಗುವ ಟ್ರಾನ್ಸ್ ಕೊಬ್ಬು ಎಣ್ಣೆ-ಕೊಬ್ಬುಗಳಲ್ಲಿ ಶೇ. 2 ದಾಟಬಾರದೆಂಬ ನಿಯಮವೂ ಇದೆ. ಅಪರಾಧವಾಗುವುದು ಅದನ್ನು ಬೆಣ್ಣೆ ಎಂದಾಗ. ‘ಇದಕ್ಕೆ ಅರ್ಧ ಬೆಣ್ಣೆ, ಅರ್ಧ ವನಸ್ಪತಿ. ಪೂರಾ ಬೆಣ್ಣೇದು ಬೇಕಂದ್ರೆ ಹಿಂದಿನ ದಿನ ಹೇಳಿ, ರೇಟು ಬೇರೆ’ ಎಂದು ಬರೆಯುವ ಎದೆಗಾರಿಕೆ ಎಷ್ಟು ಬೇಕರಿಗಳಿಗಿದೆಯೋ! ಮೊಟ್ಟೆಯ ವಿಷಯವೂ ಹೀಗೇ. ಮೊಟ್ಟೆಯ ಕೇಕನ್ನೂ ಮೊಟ್ಟೆಯಿಲ್ಲದ್ದನ್ನೂ ಒಂದೇ ಮೇಜಿನ ಮೇಲೆ ಕಲಸುವ ಅಂಗಡಿ ಅದನ್ನು ಹೇಳಿಯೇ ತೀರಬೇಕು, ಏಕೆಂದರೆ ಅಯ್ಯಂಗಾರ್ ಎಂಬ ಫಲಕ ನೋಡಿ ಬಂದವರು ಕೇಳದೆಯೇ ‘ಇಲ್ಲ’ ಎಂದುಕೊಂಡಿರುತ್ತಾರೆ.

ಕಾನೂನಿನ ಕಣ್ಣಿನಲ್ಲೂ ಕ್ಯಾಪ್ಷನ್ ಬರೀ ಹರಟೆಯಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯು ಜಾಹೀರಾತು ಎಂಬುದರೊಳಗೆ ಅಂತರ್ಜಾಲದಲ್ಲಿ ಬರುವ ಪ್ರಚಾರವನ್ನೂ ಸೇರಿಸಿದೆ; ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಅದರಡಿ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ ತಂದ ನಿಯಮಗಳು ಬೇಕರಿಯವರ ಮೆಚ್ಚಿನ ಪದಗಳನ್ನೇ ಹಿಡಿದು ನಿಲ್ಲಿಸುತ್ತವೆ. ‘ತಾಜಾ’ ಎಂಬುದು ತೊಳೆದ, ಸಿಪ್ಪೆ ಸುಲಿದ, ತಂಪಾಗಿಟ್ಟ, ಕತ್ತರಿಸಿದ, ಹೆಚ್ಚಿನ ಸಂಸ್ಕರಣೆಗೆ ಒಳಗಾಗದ ಪದಾರ್ಥಕ್ಕೆ ಸಲ್ಲುವ ಮಾತು; ‘ಈಗಷ್ಟೇ ಬೆಂದದ್ದು’ ಎನ್ನುವ ಅರ್ಥದಲ್ಲಿ ಬಳಸಿದರೆ ನಿಜಕ್ಕೂ ಈಗಷ್ಟೇ ಬೆಂದಿರಬೇಕು. ಭಟ್ಟಿಯಲ್ಲಿ ಬೆಂದದ್ದನ್ನು ‘ಮನೆಯಲ್ಲೇ ಮಾಡಿದ್ದು’ ಎಂದು ಗಿರಾಕಿ ತಪ್ಪು ತಿಳಿಯುವಂತೆ ಬರೆಯುವಂತಿಲ್ಲ. ‘5:45ಕ್ಕೆ ಇಳಿದದ್ದು’ ಎಂದರೆ ಈ ತಕರಾರು ಯಾವುದೂ ಇಲ್ಲ, ‘ತಾಜಾ’ ಎನ್ನುವುದಕ್ಕಿಂತ ಹೆಚ್ಚಿನ ಸುದ್ದಿಯೂ ಸಿಕ್ಕಿತು.

ಕಾನೂನು ನಿಷೇಧಿಸಿದ್ದನ್ನು ಬಳಸುತ್ತಿಲ್ಲ ಎಂದು ಹೆಮ್ಮೆ ಪಡುವ ಚಾಳಿ ಇನ್ನೊಂದು. 2016ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್ 38 ಬಗೆಯ ಬ್ರೆಡ್ಡು ಬನ್ನುಗಳನ್ನು ಪರೀಕ್ಷಿಸಿ, ಶೇ. 84ರಷ್ಟರಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಅಥವಾ ಅಯೋಡೇಟ್ ಇದೆ ಎಂದಿತು. ಅದೇ ವರ್ಷ ಬ್ರೋಮೇಟ್ ನಿಷೇಧವಾಯಿತು. ಈಗ ‘ನಮ್ಮಲ್ಲಿ ಬ್ರೋಮೇಟ್ ಇಲ್ಲ’ ಎನ್ನುವುದು ದೊಡ್ಡಸ್ತಿಕೆಯ ಮಾತಲ್ಲ, ಪಕ್ಕದ ಅಂಗಡಿಯಲ್ಲಿ ಇದೆ ಎಂದು ಸೂಚಿಸುವ ಚುಚ್ಚುಮಾತು. ನೋಡುವವನಿಗೆ ಇದ್ದಕ್ಕಿದ್ದಂತೆ ಇಲ್ಲದ ಭಯವೊಂದು ಹುಟ್ಟಿಕೊಳ್ಳುತ್ತದೆ.

ಇಲ್ಲಿಯವರೆಗೆ ಗಿರಾಕಿ ಬೇಕರಿಯೊಳಗೆ ಇಣುಕುವ ಮಾತಾಯಿತು. ಬೇಕರಿಯವನಿಗೂ ಗಿರಾಕಿ ಕಾಣಬೇಕೆನ್ನುವುದಕ್ಕೆ ಆಧಾರವಿದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ರಯಾನ್ ಬ್ಯುಯೆಲ್ ಮತ್ತು ಸಂಗಡಿಗರು ಒಂದು ಕ್ಯಾಂಟೀನಿನಲ್ಲಿ ಅಡುಗೆಯವರಿಗೂ ಊಟಗಾರರಿಗೂ ನಡುವೆ ವಿಡಿಯೋ ಪರದೆಗಳನ್ನಿಟ್ಟು ನೋಡಿದರು. ಇಬ್ಬರೂ ಒಬ್ಬರನ್ನೊಬ್ಬರು ಕಾಣುವಂತಿದ್ದಾಗ ಊಟಗಾರರ ತೃಪ್ತಿ ಏರಿತು, ಊಟ ಸಿದ್ಧವಾಗುವ ವೇಗವೂ ಹೆಚ್ಚಿತು ಎಂದು 2017ರ ಅವರ ಪ್ರಬಂಧ ಹೇಳುತ್ತದೆ. ತಿನ್ನುವವರ ಮುಖ ಕಂಡಾಗ ಅಡುಗೆಯವರಿಗೆ ತಮ್ಮ ಕೆಲಸಕ್ಕೆ ಬೆಲೆಯಿದೆ ಅನಿಸಿತು. ನಸುಕಿನ ಭಟ್ಟಿ ಮುಂದಿರುವವನು ಗಿರಾಕಿಯನ್ನು ಕಾಣುವುದೇ ಅಪರೂಪ. ಕೌಂಟರಿನಲ್ಲಿ ಜನ ಸೇರುವ ಹೊತ್ತಿಗೆ ಅವನು ಮಲಗಿರುತ್ತಾನೆ. ಹಾಗಾಗಿ ‘ನಿನ್ನೆ ಖಾರಾ ಬನ್ನಿಗೆ ಮೆಣಸಿನಕಾಯಿ ಕಮ್ಮಿ ಅಂದ್ರು ಮೂರನೇ ಕ್ರಾಸಿನ ಅಜ್ಜಿ. ಇವತ್ತು ನೋಡಿ ಹೇಳಿ ಅಜ್ಜಿ’ ಎಂಬಂಥ ಕ್ಯಾಪ್ಷನ್ ಗಿರಾಕಿಗೆ ಎಷ್ಟು ಮುದ ಕೊಡುತ್ತದೆಯೋ ಬರೆಸಿದವನಿಗೂ ಅಷ್ಟೇ. ಅಜ್ಜಿಯ ಒಪ್ಪಿಗೆ ಮೊದಲೇ ಕೇಳಿರಬೇಕು ಅನ್ನಿ.

ಒಪ್ಪಿಗೆ ಕೆಲಸಗಾರರದೂ ಬೇಕು. ‘ನಿಮ್ಮ ನಾಲಿಗೆಗಾಗಿ ನಿದ್ದೆಗೆಟ್ಟ ನಮ್ಮ ಹುಡುಗರು’ ಎಂದು ಬರೆಯುವುದು ಬಹಳ ಕಡೆ ರೂಢಿಯಾಗಿದೆ. ಕೇಳಲು ಇಂಪು, ಆದರೆ ನೋಡುವವರಲ್ಲಿ ಈಗ ಬೇರೆ ಪ್ರಶ್ನೆ ಏಳುತ್ತದೆ: ಇವರು ಮನೆಗೆ ಹೋಗುವುದು ಎಷ್ಟು ಹೊತ್ತಿಗೆ? ಉತ್ತರ ಚೆನ್ನಾಗಿದ್ದರೆ ಅದನ್ನೇ ಬರೆಯಬಹುದು: ‘ಎರಡೂವರೆಗೆ ಬಂದವರು ಹತ್ತೂವರೆಗೆ ಹೊರಟರು. ಭಾನುವಾರ ಭಟ್ಟಿಗೆ ರಜೆ.’ ಉತ್ತರ ಚೆನ್ನಾಗಿಲ್ಲದಿದ್ದರೆ ಕ್ಯಾಪ್ಷನ್ ಅದನ್ನು ಮುಚ್ಚಲಾರದು. ತಲೆಗೆ ಟೋಪಿಯಿಲ್ಲದ, ಬೆರಳಲ್ಲಿ ಉಂಗುರವಿರುವ ಕೈ ಹಿಟ್ಟು ನಾದುತ್ತಿದ್ದರೆ ಕೆಳಗೆ ‘ಸ್ವಚ್ಛತೆಯೇ ನಮ್ಮ ಧ್ಯೇಯ’ ಎಂದು ಬರೆದು ಪ್ರಯೋಜನವಿಲ್ಲ. ಮೊದಲು ಉಂಗುರ ತೆಗೆಸಬೇಕು, ಆಮೇಲೆ ಕ್ಯಾಮೆರಾ.

ಇದೆಲ್ಲ ಫಲ ಕೊಡುತ್ತಿದೆಯೇ ಎಂದು ಲೈಕುಗಳಲ್ಲಿ ಹುಡುಕುವವರು ಮೋಸಹೋಗುತ್ತಾರೆ. ಸುತ್ತಲ ಒಂದೆರಡು ಕಿಲೋಮೀಟರಿನ ಜನರಿಗೆ ಬ್ರೆಡ್ ಮಾರುವ ಅಂಗಡಿಗೆ ದೂರದ ಊರಿನಿಂದ ಬಂದ ಹತ್ತು ಸಾವಿರ ಲೈಕಿನಿಂದ ಒಂದು ಬನ್ನೂ ಹೆಚ್ಚು ಹೋಗುವುದಿಲ್ಲ. ಸುಳಿವು ಸಿಗುವುದು ಕೌಂಟರಿನಲ್ಲಿ. ‘ಇವತ್ತಿಂದಾ?’ ಎಂದು ಕೇಳುವವರು ಕಡಿಮೆಯಾಗಿ ‘ಎಂಟು ಇಪ್ಪತ್ತಕ್ಕೆ ಅಂದ್ರಲ್ಲ, ಬಂತಾ?’ ಎನ್ನುವವರು ಹೆಚ್ಚಿದರೆ ಜನ ಓದುತ್ತಿದ್ದಾರೆ, ನಂಬುತ್ತಿದ್ದಾರೆ. 7:45 ಎಂದು ಬರೆದ ದಿನ ಏಳೂ ಮುಕ್ಕಾಲಿನ ಆಸುಪಾಸಿನಲ್ಲೇ ಸಾಲು ಕಟ್ಟಿದರೆ ಅದಕ್ಕಿಂತ ಬೇರೆ ಅಳತೆ ಬೇಡ. ಆ ಸಾಲಿನ ಮುಂದೆ ಬ್ರೆಡ್ ಇನ್ನೂ ಆರಿಲ್ಲವೆಂದರೆ ಬರೆದ ಹುಡುಗ ತಕ್ಷಣ ಫೋನ್ ತೆಗೆದು ಗಂಟೆ ತಿದ್ದಬೇಕು, ತಿದ್ದಿದ್ದೇನೆ ಎಂದೂ ಬರೆಯಬೇಕು, ಮತ್ತು ಕಾದವರ ಕೈಗೆ ಒಂದೊಂದು ಖಾರಾ ಬನ್ ಕೊಡಲು ಯಜಮಾನರನ್ನು ಒಪ್ಪಿಸಬೇಕು.